ನನ್ನ ರೇಟಿಂಗ್ ಬರೆಯುವವರು ಯಾರು, ಮೇಡಂ?

“ಹಾಯ್, ನಿಮ್ಮ ಪ್ರೊಫೈಲ್ ನೋಡಿದೆ. ನಮ್ಮ ಕ್ಲೈಂಟ್ ಒಂದು ಲೀಡಿಂಗ್ ಎಂಎನ್‌ಸಿ. ಬೆಂಗಳೂರಿನಲ್ಲಿ ಲೀಡ್ ಪೊಸಿಷನ್ ಇದೆ, ತುಂಬಾ ಎಕ್ಸೈಟಿಂಗ್ ರೋಲ್, ಸಂಬಳದ್ದು ಸಮಸ್ಯೆಯಿಲ್ಲ. ಆಸಕ್ತಿ ಇದ್ದರೆ ರೆಸ್ಯೂಮೆ, ಈಗಿನ ಸಿಟಿಸಿ, ನಿರೀಕ್ಷೆಯ ಸಿಟಿಸಿ, ನೋಟಿಸ್ ಪೀರಿಯಡ್ ಕಳಿಸಿ.”

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಐದಾರು ವರ್ಷ ದುಡಿದ ಯಾರ ಫೋನ್ ತೆಗೆದರೂ ಇಂಥ ನಾಲ್ಕು ಸಂದೇಶ ಸಿಗುತ್ತವೆ. ಇದರಲ್ಲಿ ಕೊಡುವುದೆಷ್ಟು, ಕೇಳುವುದೆಷ್ಟು ನೋಡಿ. ನಿಮ್ಮ ಸಂಬಳ, ನಿಮ್ಮ ಆಸೆ, ಬಿಟ್ಟು ಬರಲು ಬೇಕಾದ ದಿನ ಎಲ್ಲವೂ ಅವರಿಗೆ ಬೇಕು. ಕಂಪನಿ ಯಾವುದು, ಯಾರ ಕೈಕೆಳಗೆ ಕೆಲಸ, ಏನು ಕೆಲಸ ಎಂಬುದರಲ್ಲಿ ಒಂದೂ ಇಲ್ಲ. ‘ಸಂಬಳದ್ದು ಸಮಸ್ಯೆಯಿಲ್ಲ’ ಎನ್ನುವ ಮಾತಂತೂ ಸಂಬಳದ ಬಗ್ಗೆ ಏನನ್ನೂ ಹೇಳದೆ ಇರುವ ಒಂದು ಜಾಣತನ.

ಇದನ್ನು ನೋಡಿ ಸಿಟ್ಟಾಗಿ ಅಳಿಸಿ ಹಾಕುವವರಿದ್ದಾರೆ. ಕೇಳಿದ್ದೆಲ್ಲವನ್ನೂ ಹತ್ತು ನಿಮಿಷದಲ್ಲಿ ಕಳಿಸಿ ಕಾಯುತ್ತ ಕೂರುವವರೂ ಇದ್ದಾರೆ. ಎರಡಕ್ಕೂ ಮುನ್ನ ಸಂದೇಶ ಯಾಕೆ ಹೀಗಿದೆ ಎಂದು ತಿಳಿದುಕೊಂಡರೆ ಏನು ಕೇಳಬೇಕು ಎಂಬುದು ಸುಲಭವಾಗುತ್ತದೆ.

ಇಂಥ ಸಂದೇಶ ಬರೆಯುವವರು ಹೆಚ್ಚಾಗಿ ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರು. ಅಭ್ಯರ್ಥಿ ಸೇರಿದರಷ್ಟೇ ಇವರಿಗೆ ಹಣ. ಭಾರತದಲ್ಲಿ ಬಹಳ ಕಡೆ ಕಾಣುವ ಲೆಕ್ಕ ವಾರ್ಷಿಕ ಸಂಬಳದ 8.33 ಪ್ರತಿಶತ, ಅಂದರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಮೂವತ್ತು ಲಕ್ಷದ ಹುದ್ದೆ ತುಂಬಿದರೆ ಎರಡೂವರೆ ಲಕ್ಷ ಬರುತ್ತದೆ. ಸೇರಿದವರು ಒಪ್ಪಂದದ ಅವಧಿಯೊಳಗೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಬಿಟ್ಟುಹೋದರೆ ಬದಲಿಗೆ ಇನ್ನೊಬ್ಬರನ್ನು ಪುಕ್ಕಟೆ ಹುಡುಕಿಕೊಡಬೇಕು. ಕಂಪನಿಯ ಹೆಸರು ಮೊದಲೇ ಹೇಳಿದರೆ ನೀವು ನೇರವಾಗಿ ಅದರ ವೆಬ್‌ಸೈಟಿಗೆ ಅರ್ಜಿ ಹಾಕಿಬಿಡುತ್ತೀರಿ ಎಂಬ ಭಯ ಅವರದು. ಹುಡುಗಿಯ ಮನೆ ವಿಳಾಸವನ್ನು ಕೊನೆಯವರೆಗೂ ಬಾಯಿಬಿಡದ ಮದುವೆ ದಲ್ಲಾಳಿಯ ಭಯವೇ ಇದು, ಮತ್ತು ಅಷ್ಟೇ ನ್ಯಾಯವಾದದ್ದು.

ಬೇರೆ ಕಾರಣಗಳೂ ಇವೆ. ಬರೆದವರ ಕೈಯಲ್ಲಿ ಇರುವುದೇ ಒಂದು ಜಾಬ್ ಡಿಸ್ಕ್ರಿಪ್ಷನ್, ಅದರಲ್ಲಿ ಹದಿನೈದು ಟೂಲ್‌ಗಳ ಹೆಸರು. ಅದಕ್ಕಿಂತ ಹೆಚ್ಚು ಅವರಿಗೂ ಯಾರೂ ಹೇಳಿಲ್ಲ. ಇನ್ನು ಕೆಲವೊಮ್ಮೆ ಆ ಕುರ್ಚಿಯಲ್ಲಿ ಈಗಲೂ ಒಬ್ಬರು ಕೂತಿದ್ದಾರೆ, ಅವರನ್ನು ಕಳಿಸುವ ವಿಷಯ ಅವರಿಗೇ ಗೊತ್ತಿಲ್ಲ. ಆಗ ಕಂಪನಿಯ ಒಳಗಿನ ರಿಕ್ರೂಟರ್ ಕೂಡ ಬಾಯಿ ಬಿಗಿಹಿಡಿಯಲೇಬೇಕು. ಕೊನೆಯದು ತುಸು ಬೇಸರದ್ದು: ಹುದ್ದೆಯೇ ಇರುವುದಿಲ್ಲ. ಸರ್ವೀಸಸ್ ಕಂಪನಿಯೊಂದು ಇನ್ನೂ ಕೈಗೆ ಬಾರದ ಪ್ರಾಜೆಕ್ಟಿಗೆ ಬಿಡ್ ಹಾಕಿದೆ, ‘ನಮ್ಮಲ್ಲಿ ಇಂಥ ಜನ ಸಿಗುತ್ತಾರೆ’ ಎಂದು ತೋರಿಸಲು ರೆಸ್ಯೂಮೆಗಳನ್ನು ಗುಡ್ಡೆ ಹಾಕಿಕೊಳ್ಳುತ್ತಿದೆ. ಮೇಲುನೋಟಕ್ಕೆ ನಾಲ್ಕೂ ಸಂದೇಶ ಒಂದೇ ರೀತಿ ಇರುತ್ತವೆ. ಅವುಗಳನ್ನು ಬೇರ್ಪಡಿಸುವುದು ನಿಮ್ಮ ಮರುಪ್ರಶ್ನೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹನ್ನೊಂದು ವರ್ಷ ಅನುಭವದ ಒಬ್ಬ ಟೆಸ್ಟಿಂಗ್ ಎಂಜಿನಿಯರ್, ಹುಬ್ಬಳ್ಳಿಯಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದಾಕೆ. ಮೇಲಿನ ಸಂದೇಶ ಇವರಿಗೆ ಬಂದಿದೆ, ಹುದ್ದೆಯ ಹೆಸರು ಕ್ಯೂಎ ಲೀಡ್. ‘ಟೀಮ್ ಹೇಗಿದೆ? ರೋಲ್ ಹೇಗಿದೆ?’ ಎಂದು ಇವರು ಕೇಳಬಹುದಿತ್ತು. ಕೇಳಿದ್ದರೆ ‘ತುಂಬಾ ಚೆನ್ನಾಗಿದೆ ಮೇಡಂ’ ಎಂಬ ಉತ್ತರ ಬರುತ್ತಿತ್ತು. ಹೇಗಿದೆ ಎಂದು ಕೇಳಿದರೆ ವಿಶೇಷಣವೇ ಸಿಗುವುದು. ಎಷ್ಟು, ಯಾರು, ಯಾವ ಊರು, ಯಾವಾಗ ಎಂದು ಕೇಳಿದರೆ ಉತ್ತರದಲ್ಲಿ ಒಂದು ಸಂಖ್ಯೆಯೋ ಹೆಸರೋ ಇರಲೇಬೇಕು, ಇಲ್ಲದಿದ್ದರೆ ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಾಗುತ್ತದೆ.

ಆಕೆ ಹೀಗೆ ಬರೆದರು ಎಂದುಕೊಳ್ಳಿ: “ನಮಸ್ಕಾರ ಮೇಡಂ. ಕೆಲಸ ಬದಲಿಸುವ ಯೋಚನೆ ಇದೆ, ನನ್ನ ನೋಟಿಸ್ 60 ದಿನ. ರೆಸ್ಯೂಮೆ ಕಳಿಸುವ ಮುನ್ನ ಮೂರು ವಿಷಯ ತಿಳಿಸುತ್ತೀರಾ? ಇದು ಹೊಸ ಹುದ್ದೆಯೋ, ಬಿಟ್ಟುಹೋದವರ ಜಾಗವೋ, ಮತ್ತು ಬೆಂಗಳೂರಿನಲ್ಲಿ ಈ ತಂಡದ ಎಷ್ಟು ಜನ ಇದ್ದಾರೆ? ಈ ಹುದ್ದೆಯವರ ವಾರ್ಷಿಕ ರೇಟಿಂಗ್ ಬರೆಯುವವರ ಡೆಸಿಗ್ನೇಶನ್ ಏನು, ಅವರು ಕೂರುವುದು ಯಾವ ಊರಿನಲ್ಲಿ? ಸೇರಿದ ಮೊದಲ ಆರು ತಿಂಗಳಲ್ಲಿ ಯಾವ ಕೆಲಸ ಮುಗಿಯಬೇಕೆಂದು ಮ್ಯಾನೇಜರ್ ಬಯಸುತ್ತಾರೆ? ನಿಮಗೆ ಗೊತ್ತಿಲ್ಲದಿದ್ದರೆ ಅವರನ್ನು ಕೇಳಿ ಹೇಳಿದರೂ ಸಾಕು.”

ನೋಟಿಸ್ ಪೀರಿಯಡನ್ನು ಆಕೆ ಮೊದಲೇ ಕೊಟ್ಟಿದ್ದಾರೆ. ಇದು ಸುಮ್ಮನೆ ಅಲ್ಲ. ಮೂರು ತಿಂಗಳ ನೋಟಿಸ್ ಸಾಮಾನ್ಯವಾಗಿರುವ ಈ ಊರಿನಲ್ಲಿ ಆಫರ್ ಕೈಗೆ ಬಂದವರು ಆ ತೊಂಬತ್ತು ದಿನದಲ್ಲಿ ಇನ್ನೆರಡು ಆಫರ್ ಹಿಡಿದು ಕೈಕೊಡುವುದು ರಿಕ್ರೂಟರ್‌ನ ದೊಡ್ಡ ತಲೆನೋವು. ಹಾಗಾಗಿ ಅವರಿಗೆ ಮೊದಲು ಬೇಕಾದದ್ದು ಆ ಒಂದು ಅಂಕಿ. ಅದನ್ನು ಕೊಟ್ಟು ಕೇಳಿದರೆ ನಿಮ್ಮ ಪ್ರಶ್ನೆಗಳು ತಕರಾರಿನಂತೆ ಕಾಣುವುದಿಲ್ಲ. ಈಗಿನ ಸಂಬಳವನ್ನು ಮಾತ್ರ ಈ ಹಂತದಲ್ಲಿ ಕೊಡಬೇಕಾಗಿಲ್ಲ.

ಮಾರನೆಯ ದಿನ ಉತ್ತರ ಬಂತು: “ಟೀಮ್ ಸೈಜ್ 25 ಪ್ಲಸ್. ಡೈರೆಕ್ಟರ್‌ಗೆ ರಿಪೋರ್ಟಿಂಗ್. ಎಂಡ್ ಟು ಎಂಡ್ ಓನರ್‌ಶಿಪ್.” ಮೂರು ಪ್ರಶ್ನೆಗೆ ಮೂರು ಉತ್ತರ ಸಿಕ್ಕಂತೆ ಕಾಣುತ್ತದೆ. ಬಹಳಷ್ಟು ಜನ ಇಲ್ಲಿಗೆ ತೃಪ್ತರಾಗಿ ರೆಸ್ಯೂಮೆ ಕಳಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಈಗ.

ಇಪ್ಪತ್ತೈದು ಎಂದರೆ ಯಾವ ಇಪ್ಪತ್ತೈದು? ಆಕೆ ಫೋನ್ ಮಾಡಿ ವಿಚಾರಿಸಿದಾಗ, ಇಡೀ ಜಗತ್ತಿನಲ್ಲಿ ಆ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿರುವವರು ಇಪ್ಪತ್ತೈದು ಎಂದಾಯಿತು. ಬೆಂಗಳೂರಿನಲ್ಲಿ ಒಂಬತ್ತು. ಆ ಒಂಬತ್ತರಲ್ಲಿ ಆರು ಜನ ಬೇರೊಂದು ಕಂಪನಿಯಿಂದ ಬಂದ ಗುತ್ತಿಗೆಯವರು. ಈ ಲೀಡ್‌ಗೆ ನೇರವಾಗಿ ರಿಪೋರ್ಟ್ ಮಾಡುವವರು ಇಬ್ಬರು, ‘ಇನ್ನೂ ಮೂವರನ್ನು ತೆಗೆದುಕೊಳ್ಳುತ್ತೇವೆ’. ಆ ಮೂರು ಹುದ್ದೆಗೆ ಈಗಾಗಲೇ ಅಪ್ರೂವಲ್ ಸಿಕ್ಕಿದೆಯೋ, ಮುಂದಿನ ಬಜೆಟ್‌ನಲ್ಲಿ ಕೇಳಬೇಕೋ ಎಂಬುದು ಅದಕ್ಕೆ ಸೇರಿಕೊಂಡೇ ಬರಬೇಕಾದ ಪ್ರಶ್ನೆ. ಒಪ್ಪಿಗೆ ಸಿಕ್ಕಿದ್ದರೆ ಆ ಹುದ್ದೆಗಳಿಗೂ ರಿಕ್ವಿಸಿಷನ್ ನಂಬರ್ ಇರುತ್ತದೆ, ಅದೇ ರಿಕ್ರೂಟರ್ ಬಳಿ ಬಂದಿರುವ ಸಾಧ್ಯತೆಯೂ ಹೆಚ್ಚು. ನಂಬರೇ ಇಲ್ಲವೆಂದರೆ ಆ ಮೂವರು ಸದ್ಯಕ್ಕೆ ಆಸೆ ಮಾತ್ರ.

ಹೊಸ ಹುದ್ದೆಯೋ ಹಳೆಯದೋ ಎಂಬ ಪ್ರಶ್ನೆಯನ್ನೂ ಹಾಗೆ ಬಿಡುವಂತಿಲ್ಲ. ‘ಬ್ಯಾಕ್‌ಫಿಲ್’ ಎಂದು ಹೇಳಿದರೆ, ಹಿಂದೆ ಇದ್ದವರು ಎಷ್ಟು ಕಾಲ ಇದ್ದರು, ಅವರು ಕಂಪನಿ ಬಿಟ್ಟರೋ ಒಳಗೇ ಬೇರೆ ತಂಡಕ್ಕೆ ಹೋದರೋ ಎಂದು ಕೇಳಬೇಕು. ನಾಲ್ಕು ವರ್ಷ ಇದ್ದು ಬಡ್ತಿ ಪಡೆದು ಹೋದವರ ಜಾಗಕ್ಕೂ, ಎಂಟು ತಿಂಗಳಲ್ಲಿ ಬಿಟ್ಟುಹೋದವರ ಜಾಗಕ್ಕೂ ಅಜಗಜಾಂತರ. ಎಂಟು ತಿಂಗಳು ಎಂದ ಮಾತ್ರಕ್ಕೆ ಓಡಿಹೋಗಬೇಕಿಲ್ಲ, ಒಬ್ಬರ ಮನೆ ಕಾರಣ ಏನಿತ್ತೋ. ಅವರ ಹಿಂದಿನವರೂ ವರ್ಷದೊಳಗೆ ಬಿಟ್ಟಿದ್ದರೆ ಮಾತ್ರ ಮ್ಯಾನೇಜರ್ ಬಳಿ ಕೇಳಲು ನಿಮಗೊಂದು ಪ್ರಶ್ನೆ ಸಿಕ್ಕಿತು.

ಈ ಮೂರರಲ್ಲಿ ಜನ ಅತಿ ಹಗುರವಾಗಿ ತೆಗೆದುಕೊಳ್ಳುವುದು ಎರಡನೆಯದನ್ನು, ನನ್ನ ದೃಷ್ಟಿಯಲ್ಲಿ ಅತಿ ಭಾರವಾದದ್ದೂ ಅದೇ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದಂದಿನಿಂದ ವಿದೇಶಿ ಕಂಪನಿಗಳ ಸ್ವಂತ ಕಚೇರಿಗಳು ಇಲ್ಲಿ ಬೆಳೆಯುತ್ತಲೇ ಬಂದಿವೆ. ಈಗ ಅವುಗಳಿಗೆ ಜಿಸಿಸಿ ಎನ್ನುತ್ತಾರೆ. 2029ರೊಳಗೆ ಇನ್ನೂ ಐನೂರು ಬರಬೇಕು ಎಂಬ ಗುರಿಯಿಟ್ಟು ಕರ್ನಾಟಕ ಸರ್ಕಾರ 2024ರಲ್ಲಿ ಒಂದು ಪ್ರತ್ಯೇಕ ನೀತಿಯನ್ನೇ ತಂದಿದೆ. ಇಂಥ ಕಚೇರಿಗಳಲ್ಲಿ ಒಬ್ಬರಿಗೆ ಇಬ್ಬರು ಮೇಲಧಿಕಾರಿಗಳಿರುವುದು ತೀರಾ ಸಾಮಾನ್ಯ. ಒಬ್ಬರು ಇಲ್ಲಿಯವರು: ರಜೆ ಮಂಜೂರು ಮಾಡುವುದು, ಹಾಜರಿ, ಕಚೇರಿಗೆ ಬಂದಿದ್ದೀರಾ ಎಂದು ನೋಡುವುದು ಅವರ ಕೆಲಸ. ಇನ್ನೊಬ್ಬರು ಅಮೆರಿಕದಲ್ಲೋ ಜರ್ಮನಿಯಲ್ಲೋ ಕೂತು ದಿನದ ಕೆಲಸ ಹೇಳುತ್ತಾರೆ. ಚಾರ್ಟ್‌ನಲ್ಲಿ ಒಬ್ಬರಿಗೆ ಗಟ್ಟಿ ಗೆರೆ, ಇನ್ನೊಬ್ಬರಿಗೆ ಚುಕ್ಕಿ ಗೆರೆ. ‘ಡೈರೆಕ್ಟರ್‌ಗೆ ರಿಪೋರ್ಟಿಂಗ್’ ಎಂದಾಗ ಯಾವ ಗೆರೆ ಯಾರಿಗೆ ಎಂಬುದು ತಿಳಿಯುವುದಿಲ್ಲ. ರೇಟಿಂಗ್ ಬರೆಯುವವರು ಯಾರು ಎಂದು ಕೇಳಿದರೆ ತಿಳಿಯುತ್ತದೆ.

ಯಾಕೆಂದರೆ ವರ್ಷದ ಕೊನೆಗೆ ಮ್ಯಾನೇಜರ್‌ಗಳೆಲ್ಲ ಒಂದು ಸಭೆಯಲ್ಲಿ ಕೂತು ತಮ್ಮ ತಮ್ಮವರ ರೇಟಿಂಗ್‌ಗಳನ್ನು ಒಂದಕ್ಕೊಂದು ಹೋಲಿಸಿ ಸರಿಹೊಂದಿಸುತ್ತಾರೆ. ಮೇಲಿನ ದರ್ಜೆ ಇಷ್ಟೇ ಜನಕ್ಕೆ ಎಂಬ ಮಿತಿ ಬಹಳ ಕಡೆ ಇರುತ್ತದೆ. ಆ ಕೋಣೆಯಲ್ಲಿ ನಿಮ್ಮ ಪರವಾಗಿ ಮಾತಾಡುವವರಿಗೆ ನಿಮ್ಮ ಕೆಲಸ ಗೊತ್ತಿರಬೇಕು. ಕೆಲಸ ನೋಡಿದವರು ಸ್ಯಾನ್ ಹೋಸೆಯಲ್ಲಿದ್ದು, ಸಭೆಯಲ್ಲಿ ಕೂರುವವರು ಬೆಂಗಳೂರಿನ ಹಾಜರಿ ನೋಡುವವರಾದರೆ ‘ಒಳ್ಳೆಯ ಹುಡುಗಿ, ತೊಂದರೆಯಿಲ್ಲ’ ಎಂಬ ಮಾತಿನಾಚೆ ಏನೂ ದಾಟುವುದಿಲ್ಲ. ತದ್ವಿರುದ್ಧವೂ ಸುಖವಲ್ಲ. ಬರೆಯುವವರು ಅಲ್ಲಿದ್ದರೆ, ನೀವು ಅವರ ಕಣ್ಣಿಗೆ ಬೀಳುವುದು ಅವರ ಹಗಲಿನಲ್ಲಿ.

ಆ ಹಗಲು ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ ಒಂಬತ್ತಾದಾಗ ಅಲ್ಲಿಯ ಬೇಸಿಗೆಯ ತಿಂಗಳುಗಳಲ್ಲಿ ನಮ್ಮಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದೇ ಮೀಟಿಂಗ್ ನಮಗೆ ಹತ್ತೂವರೆಗೆ ಜಾರುತ್ತದೆ. ಜರ್ಮನಿಯ ಬೆಳಿಗ್ಗೆ ಒಂಬತ್ತು ನಮ್ಮ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ; ಊಟ ಕೊಂಚ ಆಚೀಚೆ ಆಗಬಹುದು, ನಿದ್ದೆ ಕೆಡುವುದಿಲ್ಲ. ಊರು ಕೇಳಿ ಎಂದು ಹೇಳಿದ್ದು ಇದಕ್ಕೆ. ಮನೆಯಲ್ಲಿ ಚಿಕ್ಕ ಮಗುವೋ ವಯಸ್ಸಾದ ತಾಯಿಯೋ ಇರುವವರಿಗೆ ‘ಫ್ಲೆಕ್ಸಿಬಲ್ ಅವರ್ಸ್’ ಎಂಬ ಪದಕ್ಕಿಂತ ಆ ಊರಿನ ಹೆಸರು ಹೆಚ್ಚು ಹೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಡೈರೆಕ್ಟರ್ ಸ್ಯಾನ್ ಹೋಸೆಯವರೇ, ರೇಟಿಂಗ್ ಅವರದೇ. ವಾರಕ್ಕೆ ಎಷ್ಟು ರಾತ್ರಿ ಕಾಲ್ ಎಂಬ ಮುಂದಿನ ಪ್ರಶ್ನೆಗೆ ‘ಎರಡು, ಕೆಲವೊಮ್ಮೆ ಮೂರು’ ಎಂದು ಉತ್ತರ ಬಂತು. ಆಕೆ ಅದನ್ನು ಒಪ್ಪಬಹುದು, ಬಿಡಬಹುದು. ಗೊತ್ತಿದ್ದು ಒಪ್ಪುವುದು ಬೇರೆ ವಿಷಯ.

ಕೆಲಸದ ವ್ಯಾಪ್ತಿಯ ಪ್ರಶ್ನೆಗೆ ಬಂದರೆ, ‘ಎಂಡ್ ಟು ಎಂಡ್ ಓನರ್‌ಶಿಪ್’ ಎಂಬುದು ಯಾವ ಹುದ್ದೆಗೆ ಬೇಕಾದರೂ ಅಂಟಿಸಬಹುದಾದ ಚೀಟಿ. ಮೊದಲ ಆರು ತಿಂಗಳಲ್ಲಿ ಏನಾಗಬೇಕು ಎಂಬ ಪ್ರಶ್ನೆ ಅದನ್ನು ಕಿತ್ತು ಹಾಕುತ್ತದೆ. ಎರಡು ದಿನ ಬಿಟ್ಟು ಬಂದ ಉತ್ತರ: ಸೆಲೆನಿಯಂನಲ್ಲಿ ಬರೆದ ಹಳೆಯ ಟೆಸ್ಟ್‌ಗಳನ್ನೆಲ್ಲ ಪ್ಲೇರೈಟ್‌ಗೆ ಬದಲಿಸಬೇಕು. ಇದು ಒಳ್ಳೆಯ ಉತ್ತರ, ಯಾಕೆಂದರೆ ಇದರಲ್ಲಿ ಒಂದು ಕೆಲಸವಿದೆ. ಈ ಮಾತು ರಿಕ್ರೂಟರ್ ತಲೆಯಿಂದ ಹುಟ್ಟುವಂಥದ್ದಲ್ಲ. ಯಾರೋ ಒಬ್ಬ ಮ್ಯಾನೇಜರ್ ಇದ್ದಾರೆ, ಅವರಿಗೊಂದು ಅಗತ್ಯವಿದೆ ಎಂಬುದೂ ಇದರಿಂದ ಖಚಿತವಾಯಿತು. ಬರೀ ರೆಸ್ಯೂಮೆ ಗುಡ್ಡೆ ಹಾಕುವವರಿಂದ ಇಂಥ ಉತ್ತರ ಬರುವುದಿಲ್ಲ.

ಈ ಬದಲಾವಣೆಯ ತೀರ್ಮಾನ ಆಗಿಹೋಗಿದೆಯೋ, ಲೀಡ್ ಬಂದು ಮಾಡಬೇಕೋ ಎಂದು ಮುಂದೆ ಕೇಳಬೇಕು. ಸ್ಯಾನ್ ಹೋಸೆಯಲ್ಲಿ ತೀರ್ಮಾನವಾಗಿ, ಇಲ್ಲಿ ಟೆಸ್ಟ್ ಎಣಿಸಿ ಬದಲಿಸುವುದಷ್ಟೇ ಉಳಿದಿದ್ದರೆ ಅದು ನೆರವೇರಿಸುವ ಹುದ್ದೆ. ಅದರಲ್ಲಿ ತಪ್ಪಿಲ್ಲ, ಆದರೆ ಹನ್ನೊಂದು ವರ್ಷದವರು ಅದನ್ನು ‘ಲೀಡ್’ ಎಂದು ಭಾವಿಸಿ ಹೋದರೆ ಬೇಗ ಬೇಸರ ಬರುತ್ತದೆ. ಟೆಸ್ಟಿಂಗ್‌ನವರಿಗೆ ಇದಕ್ಕಿಂತಲೂ ಮೊನಚಾದ ಒಂದು ಪ್ರಶ್ನೆಯಿದೆ: ದೊಡ್ಡ ದೋಷ ಸಿಕ್ಕಿದಾಗ ರಿಲೀಸ್ ನಿಲ್ಲಿಸುವ ಅಧಿಕಾರ ಯಾರದು? ‘ಲೀಡ್ ಸೈನ್ ಆಫ್ ಇಲ್ಲದೆ ರಿಲೀಸ್ ಹೋಗುವುದಿಲ್ಲ’ ಎಂದರೆ ಹುದ್ದೆಗೆ ತೂಕವಿದೆ. ‘ಲೀಡ್ ಅಭಿಪ್ರಾಯ ಕೊಡುತ್ತಾರೆ, ಪ್ರಾಡಕ್ಟ್ ಮ್ಯಾನೇಜರ್ ನಿರ್ಧರಿಸುತ್ತಾರೆ’ ಎಂದರೆ ರಾತ್ರಿ ಏನಾದರೂ ಕೆಟ್ಟಾಗ ಉತ್ತರ ಹೇಳುವುದು ಮಾತ್ರ ನಿಮ್ಮ ಪಾಲು. ಪ್ರತಿ ಕಸುಬಿಗೂ ಇಂಥದ್ದೊಂದು ಪ್ರಶ್ನೆ ಇರುತ್ತದೆ. ಅಕೌಂಟ್ಸ್‌ನವರಿಗೆ ಎಷ್ಟು ಮೊತ್ತದವರೆಗೆ ಸಹಿ, ಸೇಲ್ಸ್‌ನವರಿಗೆ ಎಷ್ಟು ರಿಯಾಯಿತಿ ಕೊಡುವ ಹಕ್ಕು. ನಿಮ್ಮ ಕಸುಬಿನದ್ದನ್ನು ನೀವೇ ಬಲ್ಲಿರಿ. ಇದನ್ನು ರಿಕ್ರೂಟರ್‌ಗೆ ಕೇಳಿ ಪ್ರಯೋಜನವಿಲ್ಲ, ಮ್ಯಾನೇಜರ್ ಜೊತೆಗಿನ ಮೊದಲ ಮಾತಿಗೆ ಇಟ್ಟುಕೊಳ್ಳಿ.

ಕಂಪನಿಯ ಹೆಸರು ಎಲ್ಲಿ ಬಂತು ಎಂದು ನೀವು ಕೇಳಬಹುದು. ಮೊದಲ ಸಂದೇಶದಲ್ಲೇ ಅದನ್ನು ಒತ್ತಾಯಿಸುವುದು ಕನ್ಸಲ್ಟೆನ್ಸಿಯವರ ಹೊಟ್ಟೆಗೆ ಕೈಹಾಕಿದ ಹಾಗೆ. ಆದರೆ ರೆಸ್ಯೂಮೆ ಅವರ ಕೈಯಿಂದ ಕ್ಲೈಂಟ್‌ಗೆ ಹೋಗುವ ಮುನ್ನ ಹೆಸರು ನಿಮಗೆ ತಿಳಿದಿರಲೇಬೇಕು, ಇದರಲ್ಲಿ ರಾಜಿಯಿಲ್ಲ. ಇಬ್ಬರು ಕನ್ಸಲ್ಟೆನ್ಸಿಯವರು ಒಬ್ಬರದೇ ರೆಸ್ಯೂಮೆಯನ್ನು ಒಂದೇ ಕಂಪನಿಗೆ ಕಳಿಸಿದರೆ ಮೊದಲು ಕಳಿಸಿದವರ ಹೆಸರಿನಲ್ಲಿ ಅದು ತಿಂಗಳುಗಟ್ಟಲೆ ಲಾಕ್ ಆಗುತ್ತದೆ. ಫೀಸು ಯಾರಿಗೆ ಎಂಬ ಜಗಳಕ್ಕೆ ಹೆದರಿ ಕೆಲ ಕಂಪನಿಗಳು ಅಭ್ಯರ್ಥಿಯನ್ನೇ ಬದಿಗಿಡುತ್ತವೆ. ಆದ್ದರಿಂದ ‘ಇಂಥ ಕಂಪನಿಯ ಇಂಥ ಹುದ್ದೆಗೆ ಮಾತ್ರ ನನ್ನ ರೆಸ್ಯೂಮೆ ಕಳಿಸಬಹುದು’ ಎಂದು ಒಂದು ಮೇಲ್ ಬರೆದು ಒಪ್ಪಿಗೆ ಕೊಡಿ. ಜಾಬ್ ಐಡಿ ಕೇಳಿಕೊಂಡರೆ ಕಂಪನಿಯ ಕರಿಯರ್ಸ್ ಪುಟದಲ್ಲಿ ಅದು ಇದೆಯೇ ಎಂದು ನೋಡಲೂಬಹುದು.

ಅದೇ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಆಫರ್ ಲೆಟರ್ ಯಾರ ಲೆಟರ್‌ಹೆಡ್‌ನಲ್ಲಿ ಬರುತ್ತದೆ? ‘ಪರ್ಮನೆಂಟ್ ಪೊಸಿಷನ್’ ಎಂದು ಹೇಳಿದ್ದು ನಿಜವೇ ಇರಬಹುದು, ಪರ್ಮನೆಂಟ್ ಆಗುವುದು ಹೆಸರೇ ಕೇಳದ ಮೂರನೆಯ ಕಂಪನಿಯಲ್ಲಿ. ಸಂಬಳ, ಪಿಎಫ್, ವಿಮೆ ಅವರದು, ಕೂರುವುದು ಮಾತ್ರ ದೊಡ್ಡ ಹೆಸರಿನ ಕಟ್ಟಡದಲ್ಲಿ. ಕಾಂಟ್ರ್ಯಾಕ್ಟ್ ಟು ಹೈರ್ ಎಂದರೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಕ್ಲೈಂಟ್ ತನ್ನ ಪೇರೋಲ್‌ಗೆ ತೆಗೆದುಕೊಳ್ಳಬಹುದು ಎಂದರ್ಥ, ತೆಗೆದುಕೊಳ್ಳುತ್ತದೆ ಎಂದಲ್ಲ. ಈ ಹಿಂದೆ ಹೀಗೆ ಎಷ್ಟು ಜನರನ್ನು ತೆಗೆದುಕೊಂಡಿದ್ದಾರೆ ಎಂದು ಕೇಳಿದಾಗ ಆ ಬದಿಯ ದನಿ ತಗ್ಗಿದರೆ ಉತ್ತರ ಸಿಕ್ಕಿತು ಎಂದುಕೊಳ್ಳಿ.

ರಿಕ್ರೂಟರ್‌ಗೆ ಉತ್ತರ ಗೊತ್ತಿಲ್ಲದಿರುವುದು ಅಪರಾಧವಲ್ಲ. ಅನೇಕ ಕನ್ಸಲ್ಟೆನ್ಸಿಗಳಿಗೆ ಮ್ಯಾನೇಜರ್ ಜೊತೆ ನೇರ ಮಾತೇ ಇರುವುದಿಲ್ಲ. ಕ್ಲೈಂಟ್‌ನ ಪೋರ್ಟಲ್‌ನಲ್ಲಿ ಬಂದದ್ದನ್ನು ಓದಿ ಜನ ಹುಡುಕುತ್ತಾರೆ. ಮೇಜಿನ ಮೇಲೆ ಇಪ್ಪತ್ತು ಹುದ್ದೆ, ದಿನಕ್ಕಿಷ್ಟು ರೆಸ್ಯೂಮೆ ಎಂಬ ಗುರಿ ಬೇರೆ. ಅವರಿಗೆ ಹತ್ತು ಪ್ರಶ್ನೆಯ ಮೇಲ್ ಬರೆದರೆ ಮುಂದಿನ ಹೆಸರಿಗೆ ಹೋಗುತ್ತಾರೆ, ನಾನಾದರೂ ಹೋಗುತ್ತಿದ್ದೆ. ಗಮನಿಸಬೇಕಾದದ್ದು, ಗೊತ್ತಿಲ್ಲ ಎಂಬುದನ್ನು ಅವರು ಹೇಗೆ ಹೇಳುತ್ತಾರೆ ಎಂಬುದು. ‘ಇದು ನನಗೆ ತಿಳಿದಿಲ್ಲ, ಕ್ಲೈಂಟ್ ಕಡೆ ವಿಚಾರಿಸಿ ಗುರುವಾರ ಹೇಳುತ್ತೇನೆ’ ಎಂದು ಗುರುವಾರ ಫೋನ್ ಮಾಡುವವರ ಜೊತೆ ಆ ಹುದ್ದೆ ಸಿಗದಿದ್ದರೂ ಸಂಬಂಧ ಉಳಿಸಿಕೊಳ್ಳಿ. ‘ಅದೆಲ್ಲ ಇಂಟರ್‌ವ್ಯೂನಲ್ಲಿ ಹೇಳುತ್ತಾರೆ, ಮೊದಲು ಪ್ಯಾನ್ ನಂಬರ್ ಕಳಿಸಿ’ ಎನ್ನುವವರಿಗೆ ಅವಸರ ಯಾತರದ್ದೆಂದು ನೀವೇ ಊಹಿಸಿಕೊಳ್ಳಬಹುದು. ನೋಂದಣಿ ಶುಲ್ಕ ಎಂದು ನಿಮ್ಮಿಂದಲೇ ದುಡ್ಡು ಕೇಳಿದರೆ ಊಹೆಯೂ ಬೇಡ, ನಂಬರ್ ಬ್ಲಾಕ್ ಮಾಡಿ.

ಇಷ್ಟೆಲ್ಲ ಕೇಳುವ ಅನುಕೂಲ ಕೈಯಲ್ಲಿ ಕೆಲಸವಿದ್ದವರಿಗೆ ಎಂಬುದೂ ನಿಜ. ಕೆಲಸ ಹೋಗಿ ಮೂರು ತಿಂಗಳಾದವರು, ಈಗಷ್ಟೇ ಕಾಲೇಜು ಮುಗಿಸಿದವರು ಮೊದಲ ಸಂದೇಶಕ್ಕೇ ಮೂರು ಪ್ರಶ್ನೆ ಎಸೆದರೆ ಬಾಗಿಲು ಮುಚ್ಚಬಹುದು. ಅವರು ರೆಸ್ಯೂಮೆ ಜೊತೆಯಲ್ಲೇ ಕಳಿಸಲಿ, ಲೆಟರ್‌ಹೆಡ್ ಯಾರದು ಎಂಬುದೊಂದನ್ನು ಮಾತ್ರ ಕೇಳಲಿ. ಉಳಿದವು ಮ್ಯಾನೇಜರ್ ಎದುರಿಗೆ ಕೂತಾಗ ಬರಲಿ.

ಆ ಭೇಟಿಯಲ್ಲಿ ನಮ್ಮ ಹುಬ್ಬಳ್ಳಿಯ ಎಂಜಿನಿಯರ್ ಅದೇ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳುತ್ತಾರೆ. ರಿಕ್ರೂಟರ್ ಹೇಳಿದ ಎರಡು ಜನ, ಮೂರು ಹೊಸ ಹುದ್ದೆ, ಸ್ಯಾನ್ ಹೋಸೆಯ ಡೈರೆಕ್ಟರ್ ಎಂಬ ಲೆಕ್ಕ ಮ್ಯಾನೇಜರ್ ಬಾಯಲ್ಲೂ ಅದೇ ಬರುತ್ತದೆಯೇ ನೋಡಬೇಕು. ಸಣ್ಣ ವ್ಯತ್ಯಾಸ ಸಹಜ. ‘ಯಾವ ಮೂರು ಹುದ್ದೆ?’ ಎಂದು ಮ್ಯಾನೇಜರೇ ಹುಬ್ಬೇರಿಸಿದರೆ, ಇಬ್ಬರಲ್ಲಿ ಒಬ್ಬರ ಮಾಹಿತಿ ಹಳೆಯದು.

ಆಫರ್ ಲೆಟರ್ ಬಂದಾಗ ಇದ್ಯಾವುದೂ ಅದರಲ್ಲಿ ಇರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಿ. ಡೆಸಿಗ್ನೇಶನ್, ಸಂಬಳದ ವಿವರ, ನೋಟಿಸ್ ಇರುತ್ತವೆ. ಜೊತೆಗೆ, ಕಂಪನಿ ತನಗೆ ಬೇಕಾದಂತೆ ನಿಮ್ಮ ಕೆಲಸ, ಊರು, ಮೇಲಧಿಕಾರಿಯನ್ನು ಬದಲಿಸಬಹುದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆ ಸಾಲನ್ನು ತೆಗೆಸಲು ಹೋಗುವುದು ವ್ಯರ್ಥ. ಬದಲಿಗೆ ಸಹಿ ಮಾಡುವ ಮುನ್ನ ಮ್ಯಾನೇಜರ್‌ಗೆ ನಾಲ್ಕು ಸಾಲಿನ ಮೇಲ್ ಬರೆಯಿರಿ: ನಾವು ಮಾತಾಡಿದಂತೆ ಇಬ್ಬರು ನನಗೆ ನೇರವಾಗಿ ರಿಪೋರ್ಟ್ ಮಾಡುತ್ತಾರೆ, ಮೂರು ಹುದ್ದೆಗೆ ಮಂಜೂರಾತಿ ಸಿಕ್ಕಿದೆ, ನನ್ನ ರೇಟಿಂಗ್ ನೀವು ಬರೆಯುತ್ತೀರಿ, ರಿಲೀಸ್ ಸೈನ್ ಆಫ್ ನನ್ನದು, ನಾನು ಅರ್ಥ ಮಾಡಿಕೊಂಡದ್ದು ಸರಿಯೇ? ಕೋರ್ಟಿನಲ್ಲಿ ಹಿಡಿದು ವಾದಿಸುವ ಕಾಗದವಲ್ಲ ಇದು. ಆದರೆ ಅದಕ್ಕೆ ‘ಹೌದು’ ಎಂದು ಬರೆಯಬೇಕಾದ ಮ್ಯಾನೇಜರ್ ಆ ನಾಲ್ಕು ಸಾಲನ್ನು ಒಮ್ಮೆ ಸರಿಯಾಗಿ ಓದುತ್ತಾರೆ. ಮಂಜೂರಾತಿ ಇನ್ನೂ ಸಿಗದಿದ್ದರೆ ‘ಹೌದು’ ಎನ್ನುವ ಬದಲು ಫೋನ್ ಮಾಡುತ್ತಾರೆ.